ಲಾರಿ ಹೊರಡುವ ದಿನ ಯಾರ ಫೋನ್ ಸದ್ದು ಮಾಡಬೇಕು?

ಶಿರಸಿಯಲ್ಲಿ ಒಂಬತ್ತು ಜನರಿರುವ ಒಂದು ಅಡಿಕೆ ವ್ಯಾಪಾರದ ಕಚೇರಿ ಇದೆ ಅಂದುಕೊಳ್ಳಿ. ಇಲ್ಲಿಂದ ಚಾಲಿ ಅಡಿಕೆ ಗುಜರಾತಿಗೆ ಹೋಗುತ್ತದೆ. ಗೋದಾಮಿನವರು, ಲೆಕ್ಕದವರು, ಟೆಂಡರಿಗೆ ಹೋಗುವವರು, ಎಲ್ಲರೂ ಒಂದೇ ವಾಟ್ಸಾಪ್ ಗ್ರೂಪಿನಲ್ಲಿದ್ದಾರೆ. ಲಾರಿ ತುಂಬುವ ದಿನ ಆ ಗ್ರೂಪಿನಲ್ಲಿ ಹದಿನಾಲ್ಕು ಮೆಸೇಜ್ ಬಂದರೆ, ಒಂದೊಂದಕ್ಕೂ ಉಳಿದ ಎಂಟು ಫೋನ್ ಸದ್ದು ಮಾಡುತ್ತವೆ. ಒಟ್ಟು 112 ಸಲ. ಕೆಲಸ ಇದ್ದದ್ದು ಮೂವರಿಗೆ ಮಾತ್ರ.

ಸದ್ದು ಕೇಳಿ ನೋಡದೇ ಬಿಟ್ಟರಾಯಿತು ಅಲ್ವಾ? ಅಷ್ಟು ಸುಲಭವಲ್ಲ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದು ಇದನ್ನೇ: ಅರ್ಧಕ್ಕೆ ಬಿಟ್ಟ ಕೆಲಸದಿಂದ ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ, ಹೊಸ ಕೆಲಸ ಅಷ್ಟರ ಮಟ್ಟಿಗೆ ಸೊರಗುತ್ತದೆ. ಲೆಕ್ಕದವರು ಬಿಲ್ಲಿನ ಮಧ್ಯೆ ಫೋನ್ ನೋಡಿ ವಾಪಸ್ ಬಂದರೆ, ಯಾವ ಸಾಲಿನಲ್ಲಿದ್ದೆ ಅಂತ ಮತ್ತೆ ಹುಡುಕುವುದು ಇದಕ್ಕೇ.

ಕಚೇರಿಯ ಮಾತುಕತೆಗೆಂದೇ ಇರುವ ಸ್ಲ್ಯಾಕ್ ತರಹದ ಆಪ್‌ನಲ್ಲಿ ಇದಕ್ಕೆ ಉಪಾಯವಿದೆ. ಮೊದಲು ಚಾನೆಲ್‌ಗಳು. ಚಾನೆಲ್ ಅಂದರೆ ಒಂದು ವಿಷಯಕ್ಕೆಂದೇ ಇರುವ ಗ್ರೂಪು. ಒಂಬತ್ತು ಜನಕ್ಕೆ ನಾಲ್ಕು ಸಾಕು: `#ಲಾರಿ`, `#ಲೆಕ್ಕ`, `#ದರ`, `#ಹರಟೆ`. ಗಿರಾಕಿಗೊಂದು ಚಾನೆಲ್ ಮಾಡಲು ಹೋದರೆ ಯಾವ ಮಾತು ಎಲ್ಲಿ ಹಾಕಬೇಕು ಅನ್ನುವುದೇ ದೊಡ್ಡ ಕೆಲಸವಾಗುತ್ತದೆ. (ಹೆಸರಿನ ಮುಂದಿನ ಆ `#` ಹೊಸದೇನಲ್ಲ. 1988ರಲ್ಲಿ ಫಿನ್ಲೆಂಡಿನಲ್ಲಿ ಹುಟ್ಟಿದ ಐಆರ್‌ಸಿ ಎಂಬ ಹಳೆಯ ಚಾಟ್‌ನಿಂದ ಬಂದದ್ದು.)

ಆಮೇಲೆ ಸದ್ದಿನ ನಿಯಮ. ಎಲ್ಲ ಚಾನೆಲ್‌ಗಳಲ್ಲೂ, ತಮ್ಮ ಹೆಸರು `@` ಹಾಕಿ ಬರೆದಾಗ ಮಾತ್ರ ಫೋನ್ ಸದ್ದು ಮಾಡಬೇಕು ಎಂದು ಎಲ್ಲರೂ ಸೆಟ್ ಮಾಡಿಕೊಳ್ಳಲಿ. ಉಳಿದ ಮೆಸೇಜ್‌ಗಳು ಎಲ್ಲೂ ಹೋಗುವುದಿಲ್ಲ, ಚಾನೆಲ್ ಹೆಸರು ದಪ್ಪಕ್ಷರದಲ್ಲಿ ಕಾಣುತ್ತದೆ, ಪುರುಸೊತ್ತಾದಾಗ ಓದಬಹುದು. `@channel` ಅಂದರೆ ಆ ಚಾನೆಲ್‌ನ ಎಲ್ಲರನ್ನೂ ಕರೆದಂತೆ. `@here` ಅಂದರೆ ಆಗ ಆನ್‌ಲೈನ್ ಇದ್ದವರನ್ನು ಮಾತ್ರ. ಇವನ್ನು ವಾರಕ್ಕೊಮ್ಮೆ ಬಳಸಿದರೂ ನನ್ನ ಪ್ರಕಾರ ಜಾಸ್ತಿಯೇ. ದಿನಾ ಬಳಸಿದರೆ ಜನ ಸುಮ್ನೆ ಚಾನೆಲ್ಲನ್ನೇ ಮ್ಯೂಟ್ ಮಾಡುತ್ತಾರೆ. ರಾತ್ರಿ ಸದ್ದು ಬಾರದಂತೆ ಸಮಯವನ್ನೂ ಇಟ್ಟುಕೊಳ್ಳಬಹುದು.

ಇನ್ನು ಥ್ರೆಡ್, ಅಂದರೆ ಒಂದು ಮೆಸೇಜಿನ ಕೆಳಗೇ ಸಾಲಾಗಿ ಸೇರುವ ಉತ್ತರಗಳು. ನನ್ನ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡ ಲಾಭ ಇರುವುದು ಇಲ್ಲೇ. ಮ್ಯಾನೇಜರ್ ಬೆಳಿಗ್ಗೆ `#ಲಾರಿ`ಯಲ್ಲಿ ಒಂದೇ ಮೆಸೇಜ್ ಹಾಕುತ್ತಾರೆ: «ಗುಜರಾತಿನ ಲಾರಿ, ಚಾಲಿ 120 ಚೀಲ, ಸಂಜೆ 5ಕ್ಕೆ ಹೊರಡಬೇಕು.» ಜೊತೆಗೆ ಗೋದಾಮಿನವರ ಮತ್ತು ಲೆಕ್ಕದವರ ಹೆಸರು. ಮುಂದಿನ ಮಾತೆಲ್ಲ ಅದರ ಕೆಳಗಿನ ಥ್ರೆಡ್ಡಿನಲ್ಲಿ. ಗೋದಾಮಿನವರು ಬರೆಯುತ್ತಾರೆ: «ಎರಡು ಚೀಲಕ್ಕೆ ಮಳೆನೀರು ತಾಗಿದೆ, ಬೂಸ್ಟು ಬರಬಹುದು, ತೆಗೆದಿಟ್ಟಿದ್ದೇನೆ.» ಈಗ 118 ಚೀಲ. ಲೆಕ್ಕದವರಿಗೆ ಇದು ತಕ್ಷಣ ಬೇಕು, ಯಾಕೆಂದರೆ ಬಿಲ್ಲೂ ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ಲೂ ಆ ಸಂಖ್ಯೆಗೆ ಹೊಂದಬೇಕು. ಲಾರಿ ಬದಲಾದರೆ ಇ-ವೇ ಬಿಲ್ಲಿನಲ್ಲಿ ಗಾಡಿ ನಂಬರೂ ಬದಲಾಗಬೇಕು. ಥ್ರೆಡ್ಡಿನ ಉತ್ತರದ ಸದ್ದು ಅದನ್ನು ಶುರು ಮಾಡಿದವರಿಗೆ, ಅದರಲ್ಲಿ ಮಾತಾಡಿದವರಿಗೆ ಅಥವಾ ಹೆಸರು ಬಂದವರಿಗೆ ಹೋಗುತ್ತದೆ. ಹಾಗಾಗಿ ಮೂವರ ನಡುವೆ ಅದೇ ಹದಿನಾಲ್ಕು ಮೆಸೇಜ್ ಆದರೆ ಒಂದೊಂದಕ್ಕೂ ಎರಡು ಫೋನ್, ಒಟ್ಟು 28 ಸದ್ದು.

ಆದರೆ ಥ್ರೆಡ್ಡಿನಲ್ಲಿ ಮುಗಿದ ವಿಷಯ ಉಳಿದವರಿಗೆ ಕಾಣದೇ ಹೋಗುವ ಅಪಾಯವಿದೆ. ಅದಕ್ಕೇ ಕೊನೆಯ ಉತ್ತರ ಬರೆಯುವಾಗ `Also send to #ಲಾರಿ` ಎಂಬ ಚೌಕಕ್ಕೆ ಟಿಕ್ ಹಾಕಬೇಕು: «118 ಚೀಲ, ಬಿಲ್ ಆಯಿತು, 5.20ಕ್ಕೆ ಹೊರಟಿತು.» ನಡುವಿನ ಚರ್ಚೆ ಒಳಗೇ ಇರುತ್ತದೆ, ಫಲಿತಾಂಶ ಹೊರಗೆ ಕಾಣುತ್ತದೆ.

ಅಭ್ಯಾಸ ಹಳಿ ತಪ್ಪಿದ್ದು ಬೇಗ ಗೊತ್ತಾಗುತ್ತದೆ. ಎರಡು ಲಾರಿಗಳ ಮಾತು ಚಾನೆಲ್‌ನಲ್ಲೇ ಕಲಸಿಹೋಗಿದ್ದರೆ ಯಾರೋ ಥ್ರೆಡ್ ಬಿಟ್ಟು ಹೊರಗೆ ಉತ್ತರಿಸುತ್ತಿದ್ದಾರೆ. «ಲಾರಿ ಹೋಯ್ತಾ?» ಎಂದು ಪಕ್ಕದ ಮೇಜಿನವರು ಕೇಳುತ್ತಿದ್ದರೆ ಕೊನೆಯ ಟಿಕ್ ಬಿದ್ದಿಲ್ಲ, ಇಲ್ಲವೇ ಮಾತು ಖಾಸಗಿ ಮೆಸೇಜಿನಲ್ಲಿ ನಡೆದಿದೆ.

ಡ್ರೈವರನ್ನು ಮಾತ್ರ ಇದಕ್ಕೆ ಸೇರಿಸಬೇಡಿ. ಮಳೆಗಾಲದಲ್ಲಿ ದಾರಿ ಬಂದ್ ಆದರೆ, ನೆಟ್ ಇಲ್ಲದ ಕಡೆ ಮೆಸೇಜ್ ಬಂದು ಮುಟ್ಟುವುದಿಲ್ಲ. ಅಲ್ಲಿಗೆ ಫೋನ್ ಕರೆಯೇ ಸರಿ.

ಇನ್ನೊಂದು ಮಿತಿ ಇದೆ. ಸ್ಲ್ಯಾಕ್ ಪುಕ್ಕಟೆ ಪ್ಲ್ಯಾನಿನಲ್ಲಿ ಕಳೆದ 90 ದಿನದ ಮಾತು ಮಾತ್ರ ಕಾಣುತ್ತದೆ. ದೀಪಾವಳಿಗೆ ಮಾತಾಡಿದ ದರ ಯುಗಾದಿಗೆ ಹುಡುಕಿದರೆ ಸಿಗದು. ತೂಕದ ಚೀಟಿ, ಬಿಲ್ಲಿನ ಪ್ರತಿ, ಗಿರಾಕಿಯ ಒಪ್ಪಿಗೆ ಎಲ್ಲ ಕಚೇರಿಯ ಡ್ರೈವ್ ಫೋಲ್ಡರಿಗೆ ಹೋಗಲಿ. ಥ್ರೆಡ್ಡಿನಲ್ಲಿ ಅದರ ಲಿಂಕ್ ಇದ್ದರೆ ಸಾಕು.