ತೂಕ ಸರಿ, ಹೊಟ್ಟೆ ತಪ್ಪು: ಪುಣೆಯಿಂದ ಒಂದು ಲೆಕ್ಕ

ಹಡಪ್ಸರದ ನಮ್ಮ ಸೊಸೈಟಿಯಲ್ಲಿ ಹೋದ ವರ್ಷ ಆರೋಗ್ಯ ತಪಾಸಣೆ ಶಿಬಿರ ನಡೆಯಿತು. ತೂಕದ ಕೆ.ಜಿ.ಯನ್ನು ಎತ್ತರದ ಮೀಟರಿನಿಂದ ಎರಡು ಸಲ ಭಾಗಿಸಿದರೆ ಸಿಗುವ ಬಿಎಂಐ ನೋಡಿ ನನ್ನ ಭಾವನ ಕಾರ್ಡಿನಲ್ಲಿ 'ನಾರ್ಮಲ್' ಎಂದು ಬರೆದರು. ತಾಲೀಮಿಗೆ ಹೋಗಿ ಮೈ ಹುರಿಗಟ್ಟಿಸಿಕೊಂಡಿರುವ ಅಳಿಯನಿಗೆ 'ಓವರ್‌ವೇಟ್'. ಭಾವನ ಹೊಟ್ಟೆ ಶರ್ಟಿನ ಗುಂಡಿಗಳನ್ನು ಎಳೆಯುತ್ತಿತ್ತು. ಕಾರ್ಡು ಹಿಡಿದು ಗೆದ್ದವರ ಹಾಗೆ ನಗುತ್ತಿದ್ದರು!

ಈ ಎಡವಟ್ಟು ಇದೇ ಊರಿನಲ್ಲಿ ಒಮ್ಮೆ ಜಗತ್ತಿನ ಗಮನ ಸೆಳೆದಿತ್ತು. ಪುಣೆಯ ಕೆಇಎಂ ಆಸ್ಪತ್ರೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋವನ್ನೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಹಾಕಿಸಿದರು. ಇಬ್ಬರ ಬಿಎಂಐಯೂ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ಯುಡ್ಕಿನ್ ಮ್ಯಾರಥಾನ್ ಓಡುವವರು ಅನ್ನೋದೂ ನಿಜ. ಆದರೂ ಒಂದೇ ಅಂಕಿಯೊಳಗೆ ಎರಡು ಬೇರೆ ಮೈಗಳು ಅಡಗಬಹುದು ಎಂದು ತೋರಿಸಲು ಆ ಒಂದು ಚಿತ್ರ ಸಾಕಾಯಿತು.

ಬಿಎಂಐ ಹುಟ್ಟಿದ್ದು ರೋಗಿಗಳಿಗಾಗಿ ಅಲ್ಲವೇ ಅಲ್ಲ. ಬೆಲ್ಜಿಯಂನ ಖಗೋಳ ಪಂಡಿತ ಅಡಾಲ್ಫ್ ಕೆಟ್ಲೆ 1830ರ ದಶಕದಲ್ಲಿ 'ಸರಾಸರಿ ಮನುಷ್ಯ'ನನ್ನು ಹುಡುಕುತ್ತಿದ್ದ. ದೊಡ್ಡವರಲ್ಲಿ ತೂಕವು ಎತ್ತರದ ವರ್ಗಕ್ಕೆ, ಅಂದರೆ ಎತ್ತರವನ್ನು ಎತ್ತರದಿಂದಲೇ ಗುಣಿಸಿದ ಅಂಕಿಗೆ ತಕ್ಕಂತೆ ಏರುತ್ತದೆ ಎಂದು ಗುರುತಿಸಿದ. ಆಮೇಲೆ ಅಮೆರಿಕದ ವಿಮಾ ಕಂಪನಿಗಳು ಎತ್ತರ–ತೂಕದ ಪಟ್ಟಿಗಳನ್ನು ಮಾಡಿದವು. 1940ರ ದಶಕದ ಪಟ್ಟಿಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಮೈಕಟ್ಟು ಎಂದು ಮೂರು ಕಾಲಂ ಇದ್ದವು. ಯಾರು ಯಾವ ಕಾಲಂಗೆ ಸೇರುತ್ತಾರೆ ಎಂದು ಅಳೆಯುವ ದಾರಿ ಮಾತ್ರ ಹೇಳಿರಲಿಲ್ಲ. ದಪ್ಪಗಿದ್ದವರೆಲ್ಲ 'ನನ್ನದು ದೊಡ್ಡ ಮೂಳೆ' ಎನ್ನಬಹುದಿತ್ತು, ಅಲ್ವಾ? ಈ ತಲೆನೋವನ್ನೇ ಬದಿಗಿಟ್ಟು 1972ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಮತ್ತು ಜೊತೆಗಾರರು ಕೆಟ್ಲೆಯ ಸೂತ್ರವನ್ನೇ ಎತ್ತಿಕೊಂಡರು. 'ಬಾಡಿ ಮಾಸ್ ಇಂಡೆಕ್ಸ್' ಎಂಬ ಹೆಸರು ಅವರದೇ. ಗುಂಪುಗಳನ್ನು ಹೋಲಿಸಲು ಅದು ಚೆನ್ನಾಗಿತ್ತು. ಮೈಕಟ್ಟಿನ ಪ್ರಶ್ನೆ ಅಲ್ಲೇ ಉಳಿಯಿತು.

ನಮ್ಮವರ ಮೈ ಯಾಕೆ ಹೀಗೆ? ಇದಕ್ಕೂ ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಸುಳಿವು ಸಿಕ್ಕಿತು. ಅಲ್ಲಿ ಹುಟ್ಟಿದ ಮಕ್ಕಳನ್ನು ಇಂಗ್ಲೆಂಡಿನ ಸೌತಾಂಪ್ಟನ್ ಮಕ್ಕಳೊಂದಿಗೆ ಯಾಜ್ಞಿಕ್ ತಂಡ ಹೋಲಿಸಿತು. ನಮ್ಮ ಕೂಸುಗಳ ಸರಾಸರಿ ತೂಕ ಸುಮಾರು 2.7 ಕೆ.ಜಿ., ಅಲ್ಲಿನದು ಸುಮಾರು 3.5. ಕಡಿಮೆ ಬಿದ್ದದ್ದರಲ್ಲಿ ಮಾಂಸಖಂಡದ ಪಾಲು ದೊಡ್ಡದು, ಕೊಬ್ಬಿನ ಪಾಲು ಚಿಕ್ಕದು. ಅಂದರೆ ತೆಳ್ಳಗೆ ಕಾಣುವ ಕೂಸೇ ಕೊಬ್ಬನ್ನು ಉಳಿಸಿಕೊಂಡು ಹುಟ್ಟುತ್ತಿತ್ತು. ಇಂಥ ಮೈಗೆ ಕಡಿಮೆ ಬಿಎಂಐಯಲ್ಲೇ ಸಕ್ಕರೆ ಕಾಯಿಲೆ ಬರಬಹುದು. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಏಷ್ಯಾದವರಿಗೆ 23ರಿಂದಲೇ ಎಚ್ಚರ ಬೇಕು ಎಂದರು. 2009ರಲ್ಲಿ ಭಾರತದ ತಜ್ಞರೂ 23 ದಾಟಿದರೆ ಹೆಚ್ಚು ತೂಕ, 25 ಮುಟ್ಟಿದರೆ ಬೊಜ್ಜು ಎಂದು ಒಪ್ಪಿದರು.

ಗೆರೆ ಇಳಿಸಿದರೂ ಭಾವ ತಪ್ಪಿಸಿಕೊಳ್ಳುತ್ತಾರೆ. ಎತ್ತರ 168 ಸೆಂ.ಮೀ., ತೂಕ 64 ಕೆ.ಜಿ., ಬಿಎಂಐ 22.7. ಅಳಿಯ 170 ಸೆಂ.ಮೀ., 79 ಕೆ.ಜಿ., ಬಿಎಂಐ 27.3. ಇಳಿಸಿದ ಗೆರೆಯ ಪ್ರಕಾರ ಅವನು ಬೊಜ್ಜಿನವನು! ಈಗ ಟೇಪು ಹಿಡಿಯೋಣ. ಭಾವನ ಹೊಟ್ಟೆಯ ಸುತ್ತಳತೆ 92 ಸೆಂ.ಮೀ., ಎತ್ತರದಿಂದ ಭಾಗಿಸಿದರೆ 0.55. ಅಳಿಯನದು 82, ಅಂದರೆ 0.48. ಈ ಸುತ್ತಳತೆ ಎತ್ತರದ ಅರ್ಧ ದಾಟಬಾರದು ಎಂಬ ಈ ಸುಲಭ ಗೆರೆಯನ್ನು 1990ರ ದಶಕದಿಂದ ಬ್ರಿಟನ್ನಿನ ಪೋಷಣಾ ತಜ್ಞೆ ಮಾರ್ಗರೆಟ್ ಆಶ್‌ವೆಲ್ ಹೇಳುತ್ತಾ ಬಂದಿದ್ದರು. 2022ರಲ್ಲಿ ಅಲ್ಲಿನ ವೈದ್ಯರಿಗೆ ಮಾರ್ಗದರ್ಶನ ಕೊಡುವ ನೈಸ್ ಸಂಸ್ಥೆ ಅದನ್ನು ತನ್ನ ಮಾರ್ಗಸೂಚಿಗೆ ಸೇರಿಸಿತು: 0.5ರಿಂದ ಅಪಾಯ ಜಾಸ್ತಿ, 0.6ರಿಂದ ಇನ್ನೂ ಜಾಸ್ತಿ.

ಅಳತೆ ತಪ್ಪುವುದು ಎಲ್ಲಿ ಗೊತ್ತಾ? ಪ್ಯಾಂಟಿನಲ್ಲಿ. ಭಾವ '34 ಇಂಚು' ಎನ್ನುತ್ತಿದ್ದರು, ಅಂದರೆ 86 ಸೆಂ.ಮೀ. ಪ್ಯಾಂಟು ಹೊಟ್ಟೆಯ ಕೆಳಗೆ ಕೂರುತ್ತದೆ. ಟೇಪು ಇಡಬೇಕಾದ್ದು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚಿನ ನಡುವೆ. ಸುಮ್ನೆ ಉಸಿರು ಬಿಟ್ಟ ಮೇಲೆ ಓದಬೇಕು, ಹೊಟ್ಟೆ ಒಳಗೆಳೆದುಕೊಳ್ಳಬಾರದು. ಟೇಪು ಚೂರು ಸರಿದರೂ ಒಂದೆರಡು ಸೆಂ.ಮೀ. ವ್ಯತ್ಯಾಸ ಬರುತ್ತದೆ. ಅದಕ್ಕೇ ವಾರ ವಾರ ಅಳೆದು ಖುಷಿಪಡುವುದು ವ್ಯರ್ಥ, ತಿಂಗಳಿಗೊಮ್ಮೆ ಸಾಕು. ಬಸುರಿಯರಿಗೆ, ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಈ ಲೆಕ್ಕ ನಡೆಯದು. ಚರ್ಮದಡಿಯ ಕೊಬ್ಬು ಯಾವುದು, ಕರುಳಿನ ಸುತ್ತಲಿನದು ಯಾವುದು ಎಂದು ಟೇಪಿಗೆ ಗೊತ್ತಾಗುವುದೂ ಇಲ್ಲ.

ಭಾವ ನಾಲ್ಕು ತಿಂಗಳು ನಡೆದರು, ಅಳಿಯನ ಕಾಟಕ್ಕೆ ಬೈಠಕ್ ಹೊಡೆದರು. ತೂಕ 64ರಿಂದ 63.5ಕ್ಕೆ ಬಂತು, ಬಿಎಂಐ 22.5. 'ಇಷ್ಟೇನಾ?' ಎಂದು ಬೇಜಾರಾದರು. ಸುತ್ತಳತೆ 87ಕ್ಕೆ ಇಳಿದಿತ್ತು. ನಾನು ಅವರ ಎತ್ತರದಷ್ಟು ದಾರ ಕತ್ತರಿಸಿ, ಎರಡು ಮಡಿಕೆ ಮಾಡಿ ಹೊಟ್ಟೆಗೆ ಸುತ್ತಿದೆ. ಮೊದಲು ಎರಡು ತುದಿಗಳ ನಡುವೆ ಎಂಟು ಸೆಂ.ಮೀ. ಖಾಲಿ ಇತ್ತು. ಈಗ ಮೂರು.