ಶೂಗೆ ಬೇಡ, ಸಾಕ್ಸ್‌ಗೆ ಬೇಕು: ಆಯ್ಕೆಯ ಸ್ವಯಂಸಿದ್ಧದ ಹಿಂದಿನ ಕಥೆ

ಶಾಲೆ ಶುರುವಾಗುವ ಹೊತ್ತಿಗೆ ಚಿಕ್ಕಪೇಟೆಯಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಒಂದು ಕಡೆ ಕಪ್ಪು ಶೂ, ಇನ್ನೊಂದು ಕಡೆ ಬಿಳಿ ಸಾಕ್ಸ್. ಶೂ ಕೈಗೆ ತಗೊಂಡರೆ ಎಡಗಾಲಿನದೋ ಬಲಗಾಲಿನದೋ ತಕ್ಷಣ ಗೊತ್ತಾಗುತ್ತದೆ. ಸಾಕ್ಸ್‌ನಲ್ಲಿ ಎಡ ಬಲ ಅಂತ ಇಲ್ಲ, ಎರಡೂ ಒಂದೇ. ಗಣಿತದಲ್ಲಿ ಅರವತ್ತು ವರ್ಷ ನಡೆದ ಒಂದು ವಾದ ಈ ವ್ಯತ್ಯಾಸದ ಮೇಲೇ ನಿಂತಿದೆ.

ಪ್ರಶ್ನೆ ಇಷ್ಟು. ನಿಮ್ಮ ಹತ್ತಿರ ಅನಂತ ಜೋಡಿ ಶೂಗಳಿವೆ: 1ನೇ ಜೋಡಿ, 2ನೇ ಜೋಡಿ, 3ನೇ ಜೋಡಿ, ಹೀಗೆ ಕೊನೆಯೇ ಇಲ್ಲದೆ. ಪ್ರತಿ ಜೋಡಿಯಿಂದಲೂ ಒಂದೊಂದು ಆರಿಸಬೇಕು. ಸುಲಭ: ‘ಎಡಗಾಲಿನದು’ ಅಂದರೆ ಮುಗಿಯಿತು. ಆ ಒಂದು ಮಾತು ಎಲ್ಲ ಜೋಡಿಗೂ ಒಟ್ಟಿಗೆ ಉತ್ತರ ಕೊಡುತ್ತದೆ. ಈಗ ಶೂ ಬದಲು ಸಾಕ್ಸ್ ಇಡಿ. ಯಾವ ಮಾತು ಹೇಳುತ್ತೀರಿ?

‘ಯಾವುದೋ ಒಂದು ತಗೊಂಡ್ರೆ ಆಯ್ತಲ್ವಾ’ ಅನ್ನಿಸುತ್ತದೆ. ಒಂದು ಜೋಡಿಗೆ ಅದು ಸರಿ, ನೂರು ಜೋಡಿಗೂ ಸರಿ. ಗಣಿತದ ಸಾಧನೆಯೊಂದರಲ್ಲಿ, ಅಂದರೆ ಪ್ರೂಫ್ ಒಂದರಲ್ಲಿ, ‘ಈ ಎರಡರಲ್ಲಿ ಒಂದನ್ನು ಇಟ್ಟುಕೊಳ್ಳೋಣ’ ಅಂತ ಬರೆಯಲು ಯಾರ ಅಪ್ಪಣೆಯೂ ಬೇಡ. ನೂರು ಜೋಡಿಗೆ ಅಂಥ ನೂರು ಸಾಲು ಬರೆದರಾಯಿತು. ಆದರೆ ಸಾಧನೆ ಎಲ್ಲೋ ಒಂದು ಕಡೆ ಮುಗಿಯಲೇಬೇಕು, ಅನಂತ ಸಾಲು ಬರೆಯುವಂತಿಲ್ಲ. ಶೂಗೆ ಒಂದೇ ಸಾಲು ಸಾಕಾಯಿತು. ಸಾಕ್ಸ್‌ಗೆ ಆ ಒಂದು ಸಾಲು ಸಿಗುವುದಿಲ್ಲ.

ನಮ್ಮ ಪಕ್ಕದ ಮನೆಯ ಪಿಯುಸಿ ಹುಡುಗಿ ಇದನ್ನು ಕೇಳಿ ತಕ್ಷಣ ಅಂದಳು, ‘ಅಂಕಲ್, ಡ್ರಾಯರ್‌ನಲ್ಲಿ ಎಡಗಡೆ ಬಿದ್ದಿರೋದನ್ನ ತಗೊಳ್ಳಿ ಅಂದ್ರೆ?’ ಒಳ್ಳೇ ಪ್ರಶ್ನೆ. ಹಾಗೆ ಹೇಳಬಹುದಾದರೆ ಅವು ಶೂಗಳೇ ಆಗಿಬಿಟ್ಟವು! ಜಾಗವೇ ಗುರುತಾಯಿತು, ಗುರುತು ಇದ್ದರೆ ನಿಯಮ ಇದೆ. ನಿಜವಾದ ಸಾಕ್ಸ್‌ಗೆ ಇಂಥ ಗುರುತು ಯಾವಾಗಲೂ ಇರುತ್ತದೆ. ಕಥೆಯ ಸಾಕ್ಸ್‌ಗೆ ಇಲ್ಲ. ನಾವು ಮಾತಾಡುತ್ತಿರುವುದು ಯಾವ ಗುರುತೂ ಇಲ್ಲದ ಜೋಡಿಗಳ ಬಗ್ಗೆ.

ನಿಯಮ ಇಲ್ಲದಿದ್ದರೂ ಪ್ರತಿ ಜೋಡಿಯಿಂದ ಒಂದೊಂದನ್ನು ಆರಿಸಿದ ಒಂದು ಗಣ ಇದ್ದೇ ಇದೆ ಅಂತ ಒಪ್ಪಿಕೊಳ್ಳುವುದೇ ಆಯ್ಕೆಯ ಸ್ವಯಂಸಿದ್ಧ, ಅಂದರೆ ಆಕ್ಸಿಯಮ್ ಆಫ್ ಚಾಯ್ಸ್. ಜೋಡಿಗಳಿಗೆ ಮಾತ್ರವಲ್ಲ, ಖಾಲಿಯಲ್ಲದ ಗಣಗಳ ಯಾವ ಗುಂಪಿಗಾದರೂ ಅದು ಹೀಗೆ ಭರವಸೆ ಕೊಡುತ್ತದೆ. ಹೇಗೆ ಆರಿಸಿದಿರಿ ಅಂತ ಮಾತ್ರ ಹೇಳುವುದಿಲ್ಲ.

ಇದನ್ನು ಬಿಡಿಸಿ ಮುಂದಿಟ್ಟವರು ಜರ್ಮನಿಯ ಎರ್ನ್ಸ್ಟ್ ಜೆರ್ಮೆಲೊ, 1904ರಲ್ಲಿ. ಯಾವ ಗಣವನ್ನಾದರೂ ಒಂದು ವಿಶೇಷ ಸಾಲಿನಲ್ಲಿ ನಿಲ್ಲಿಸಬಹುದು, ಅದರ ಯಾವ ಭಾಗವನ್ನು ತೆಗೆದುಕೊಂಡರೂ ಅದಕ್ಕೊಬ್ಬ ‘ಮೊದಲನೆಯವನು’ ಇರುತ್ತಾನೆ ಅಂತ ಅವರು ಸಾಧಿಸಿದರು. ಗೇಯಾರ್ಗ್ ಕ್ಯಾಂಟರ್ ಇದನ್ನು 1883ರಲ್ಲೇ ನಂಬಿದ್ದರು, ಸಾಧಿಸಿರಲಿಲ್ಲ. ಜೆರ್ಮೆಲೊ ಸಾಧನೆ ಕೆಲವೇ ಪುಟ. ಅದರಲ್ಲಿ ಅನಂತ ಆಯ್ಕೆಯನ್ನು ಒಂದೇ ಏಟಿಗೆ ಮಾಡಿದ್ದರು, ಹಾಗೆ ಮಾಡುತ್ತಿದ್ದೇನೆ ಅಂತ ಬಾಯಿಬಿಟ್ಟು ಹೇಳಿಯೂ ಇದ್ದರು.

ಗದ್ದಲ ಎದ್ದಿತು. 1905ರಲ್ಲಿ ಫ್ರಾನ್ಸಿನ ಬೊರೆಲ್, ಬೇರ್, ಲೆಬೆಗ್, ಹಡಮಾರ್ ತಮ್ಮ ತಮ್ಮಲ್ಲಿ ಬರೆದುಕೊಂಡ ಪತ್ರಗಳು ಅಚ್ಚಾದವು. ಮೊದಲ ಮೂವರದು ಆಕ್ಷೇಪ: ವಿವರಿಸಲಾಗದ ವಸ್ತು ‘ಇದೆ’ ಅನ್ನುವುದು ಹೇಗೆ? ಹಡಮಾರ್ ಮಾತ್ರ ಜೆರ್ಮೆಲೊ ಪರ ನಿಂತರು: ಇರುವುದು ಬೇರೆ, ನಾವು ವಿವರಿಸಲು ಆಗುವುದು ಬೇರೆ. ನನಗೆ ಹಡಮಾರ್ ಮಾತೇ ಹಿಡಿಸುತ್ತದೆ. ಆದರೆ ಉಳಿದವರ ತಕರಾರು ಇಲ್ಲದಿದ್ದರೆ ಸ್ವಯಂಸಿದ್ಧ ಎಲ್ಲೆಲ್ಲಿ ಬೇಕಾಗುತ್ತದೆ ಅಂತ ಯಾರೂ ಇಷ್ಟು ಎಚ್ಚರದಿಂದ ಹುಡುಕುತ್ತಿರಲಿಲ್ಲ.

ಸಾಕ್ಸ್ ಬಂದಿದ್ದು ಬರ್ಟ್ರಂಡ್ ರಸೆಲ್ ಅವರಿಂದ. ಪ್ರತಿ ಸಲ ಬೂಟು ಕೊಂಡಾಗಲೂ ಒಂದು ಜೋಡಿ ಸಾಕ್ಸ್ ಕೊಳ್ಳುವ ಕೋಟ್ಯಧೀಶನನ್ನು ಅವರು 1919ರ ಪುಸ್ತಕದಲ್ಲಿ ತಂದರು. ಕೊನೆಗೆ ಅವನ ಹತ್ತಿರ ಅನಂತ ಜೋಡಿ ಬೂಟು, ಅಷ್ಟೇ ಜೋಡಿ ಸಾಕ್ಸ್. ರಸೆಲ್ ಕೇಳಿದ್ದು ಆರಿಸುವುದನ್ನಷ್ಟೇ ಅಲ್ಲ, ಎಣಿಸುವುದನ್ನೂ. ಬೂಟುಗಳನ್ನು 1ರ ಎಡ, 1ರ ಬಲ, 2ರ ಎಡ, 2ರ ಬಲ ಅಂತ ಸಾಲಾಗಿ ಜೋಡಿಸಿ 1, 2, 3, 4 ಅಂತ ನಂಬರ್ ಕೊಡಬಹುದು. ಸಾಕ್ಸ್‌ನಲ್ಲಿ ಮೊದಲ ಜೋಡಿಯ ಯಾವುದಕ್ಕೆ 1, ಯಾವುದಕ್ಕೆ 2? ಪ್ರತಿ ಜೋಡಿಯಲ್ಲೂ ಇದೇ ತೊಡಕು. ಜೋಡಿಗಳಿಗೆ ನಂಬರ್ ಇದೆ, ಬಿಡಿ ಸಾಕ್ಸ್‌ಗಳಿಗೆ ಕೊಡಲು ದಾರಿ ಕಾಣುವುದಿಲ್ಲ.

ದಾರಿ ಕಾಣುವುದಿಲ್ಲ ಸರಿ, ದಾರಿಯೇ ಇಲ್ಲ ಅಂತ ಹೇಗೆ ಹೇಳುವುದು? ನಮಗೆ ಹೊಳೆಯದ ಯಾವುದೋ ಜಾಣ ನಿಯಮ ಇರಬಹುದಲ್ವಾ? ಇದಕ್ಕೆ ಕೈಹಾಕಿದವರು ಅಬ್ರಹಾಂ ಫ್ರೆಂಕೆಲ್, 1922ರಲ್ಲಿ. ಅವರ ಉಪಾಯ ನೋಡಲೇಬೇಕಾದದ್ದು. ಅವರು ಒಂದು ಪುಟ್ಟ ಗಣಿತ ಲೋಕ ಕಟ್ಟಿದರು. ಅದರ ಬುಡದಲ್ಲಿ ಗುರುತಿಲ್ಲದ ಅನಂತ ಜೋಡಿಗಳು, ನಮ್ಮ ಸಾಕ್ಸ್ ಥರದ್ದೇ. ಆ ಲೋಕಕ್ಕೆ ಪ್ರವೇಶ ಬೇಕಾದ ಯಾವ ಗಣವಾದರೂ ಒಂದು ಷರತ್ತು ಪಾಲಿಸಬೇಕು: ಅನಂತವಲ್ಲದ, ಎಣಿಸಿ ಮುಗಿಸಬಹುದಾದಷ್ಟು ಸಾಕ್ಸ್‌ಗಳನ್ನು ಮಾತ್ರ ಅದು ಹೆಸರಿಸಿ ನೆಚ್ಚಿಕೊಳ್ಳಬಹುದು. ಉಳಿದ ಜೋಡಿಗಳಲ್ಲಿ ಎರಡನ್ನು ಅದಲು ಬದಲು ಮಾಡಿದರೂ ಅದು ಅಲುಗಾಡಬಾರದು.

ಈಗ ಯಾರೋ ಒಬ್ಬರು ಆ ಲೋಕದಲ್ಲಿ ಪೂರ್ತಿ ಆಯ್ಕೆಯೊಂದು ಇದೆ ಅಂತ ಹೇಳಲಿ. ಅದು ಮೊದಲ 100 ಜೋಡಿಗಳ ಸಾಕ್ಸ್‌ಗಳನ್ನು ಹೆಸರಿಸಿ ನೆಚ್ಚಿಕೊಂಡಿದೆ ಅಂದುಕೊಳ್ಳಿ. 101ನೇ ಜೋಡಿಯ ಎರಡು ಸಾಕ್ಸ್‌ಗಳನ್ನು ಅದಲು ಬದಲು ಮಾಡಿ, ಬೇರೇನೂ ಮುಟ್ಟಬೇಡಿ. ಷರತ್ತಿನ ಪ್ರಕಾರ ಆಯ್ಕೆ ಹಾಗೇ ಉಳಿಯಬೇಕು. ಆದರೆ 101ನೇ ಜೋಡಿಯಿಂದ ಅದು ಆರಿಸಿದ್ದ ಸಾಕ್ಸ್ ಈಗ ಇನ್ನೊಂದಾಗಿ ಹೋಯಿತು, ಆಯ್ಕೆ ಬದಲಾಯಿತು. ಎರಡೂ ಒಟ್ಟಿಗೆ ಸಾಧ್ಯವಿಲ್ಲ. ಅಂದಮೇಲೆ ಅಂಥ ಆಯ್ಕೆ ಆ ಲೋಕದಲ್ಲಿ ಇಲ್ಲ. 100ರ ಬದಲು ಹತ್ತು ಲಕ್ಷ ಇಟ್ಟರೂ ಇದೇ ಮಾತು. ಶೂಗಳ ಮೇಲೆ ಈ ಉಪಾಯ ನಡೆಯುವುದಿಲ್ಲ, ಎಡವನ್ನು ಬಲದ ಜಾಗಕ್ಕೆ ಹಾಕಿದರೆ ಗೊತ್ತಾಗಿಬಿಡುತ್ತದೆ.

ಆ ಲೋಕದಲ್ಲಿ ಇನ್ನೊಂದು ವಿಚಿತ್ರವೂ ಇದೆ. ಸಾಕ್ಸ್‌ಗಳು ಅನಂತ, ಆದರೆ ಒಂದಾದ ಮೇಲೊಂದರಂತೆ ಬೇರೆ ಬೇರೆ ಸಾಕ್ಸ್‌ಗಳನ್ನು ಇಟ್ಟ ಅನಂತ ಸಾಲು ಒಂದೂ ಇಲ್ಲ. ಅಂಥ ಸಾಲು ಇದ್ದಿದ್ದರೆ, ಪ್ರತಿ ಜೋಡಿಯಲ್ಲಿ ಸಾಲಿಗೆ ಮೊದಲು ಬಂದದ್ದನ್ನು ಆರಿಸಬಹುದಿತ್ತು. ಆಗ ಅನಂತ ಜೋಡಿಗಳಿಗೆ ಆಯ್ಕೆ ಸಿಕ್ಕಂತೆ. ಅದಲು ಬದಲಿನ ವಾದ ಅದನ್ನೂ ಉರುಳಿಸುತ್ತದೆ.

ಫ್ರೆಂಕೆಲ್ ಕೆಲಸದಲ್ಲಿ ಒಂದು ಕೊರತೆ ಇತ್ತು. ಅವರ ಸಾಕ್ಸ್‌ಗಳು ಗಣಗಳಲ್ಲ, ಹೊರಗಿನಿಂದ ತಂದಿಟ್ಟ ವಸ್ತುಗಳು. ಇವತ್ತು ಬಳಕೆಯಲ್ಲಿರುವ ಗಣ ಸಿದ್ಧಾಂತದಲ್ಲಿ ಎಲ್ಲವೂ ಗಣಗಳೇ, ಎರಡು ಗಣ ಬೇರೆ ಆಗಬೇಕಾದರೆ ಅವುಗಳ ಸದಸ್ಯರಲ್ಲಿ ಎಲ್ಲೋ ಒಂದು ವ್ಯತ್ಯಾಸ ಇರಲೇಬೇಕು. ಅಲ್ಲಿ ಗುರುತೇ ಇಲ್ಲದ ಅವಳಿಗಳು ಎಲ್ಲಿಂದ ಬರಬೇಕು? ಸಮಸ್ಯೆ ನಾಲ್ಕು ದಶಕ ಹಾಗೇ ಉಳಿಯಿತು. ನಡುವೆ 1938ರಲ್ಲಿ ಕುರ್ಟ್ ಗೋಡೆಲ್ ಒಂದು ಬದಿ ಮುಗಿಸಿದರು: ಉಳಿದ ಸ್ವಯಂಸಿದ್ಧಗಳಲ್ಲಿ ವಿರೋಧ ಇಲ್ಲದಿದ್ದರೆ ಆಯ್ಕೆಯದನ್ನು ಸೇರಿಸಿದರೂ ವಿರೋಧ ಹುಟ್ಟುವುದಿಲ್ಲ.

ಇನ್ನೊಂದು ಬದಿಯನ್ನು, ಅಂದರೆ ಉಳಿದ ಸ್ವಯಂಸಿದ್ಧಗಳಿಂದ ಆಯ್ಕೆಯದನ್ನು ಸಾಧಿಸಲು ಆಗುವುದಿಲ್ಲ ಅನ್ನುವುದನ್ನು, 1963ರಲ್ಲಿ ಅಮೆರಿಕದ ಪಾಲ್ ಕೋಹೆನ್ ಮುಗಿಸಿದರು. ‘ಫೋರ್ಸಿಂಗ್’ ಎಂಬ ಹೊಸ ವಿಧಾನದಿಂದ, ಗಣಗಳನ್ನು ಬಿಟ್ಟು ಬೇರೇನೂ ಇಲ್ಲದ ಲೋಕದಲ್ಲೇ ಸಾಕ್ಸ್‌ಗಳನ್ನು ಕಟ್ಟಬಹುದು ಅಂತ ತೋರಿಸಿದರು. ಸಾಕ್ಸ್ ಆಗಿ ವಾಸ್ತವ ಸಂಖ್ಯೆಗಳನ್ನು, ಅಂದರೆ ರಿಯಲ್ ನಂಬರ್‌ಗಳನ್ನು, ಇಡುವಂತಿರಲಿಲ್ಲ, ಯಾಕೆಂದರೆ ಎರಡು ಸಂಖ್ಯೆಗಳಲ್ಲಿ ‘ಚಿಕ್ಕದು’ ಅಂದರೆ ಮತ್ತೆ ಶೂಗಳಾಗುತ್ತವೆ. ಅದಕ್ಕೆ ಅವರ ಲೋಕದಲ್ಲಿ ಒಂದೊಂದು ಸಾಕ್ಸ್ ಕೂಡ ಅಂಥ ಸಂಖ್ಯೆಗಳ ಒಂದು ಅನಂತ ರಾಶಿ. ಪ್ರತಿ ಜೋಡಿಯಲ್ಲೂ ಎರಡು ರಾಶಿ ಖಂಡಿತ ಬೇರೆ ಬೇರೆ. ಆದರೂ ಎಲ್ಲ ಜೋಡಿಗಳಲ್ಲೂ ‘ಇದು, ಅದಲ್ಲ’ ಅಂತ ಒಟ್ಟಿಗೆ ತೋರಿಸುವ ಆಯ್ಕೆ ಆ ಲೋಕದಲ್ಲಿ ಒಂದೂ ಇಲ್ಲ.