ಆಸ್ಪತ್ರೆಯಲ್ಲಿ ಅಪ್ಪನ ಹತ್ತಿರ ಇರುವ ಅವ್ವನಿಗೆ ಡಬ್ಬಿ ಹೇಗೆ ಕಟ್ಟಬೇಕು?

ಪ್ರಶ್ನೆ: ಅಪ್ಪನನ್ನು ಹುಬ್ಬಳ್ಳಿ ಆಸ್ಪತ್ರೆಗೆ ಸೇರಿಸಿದ್ದೇವೆ. ಹತ್ತಿರ ಅವ್ವ ಒಬ್ಬಳೇ ಇದ್ದಾಳೆ. ನಾವಿರೋದು ಗದಗದಲ್ಲಿ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ತಮ್ಮ ಹೋಗಿ ಡಬ್ಬಿ ಕೊಟ್ಟು ಬರ್ತಾನೆ. ಅದೇ ರಾತ್ರಿ ಊಟದ ತನಕ ಬರಬೇಕು. ವಾರ್ಡಿನಲ್ಲಿ ಬಿಸಿ ಮಾಡೋಕೆ ಆಗಲ್ಲ. ಮೊನ್ನೆ ಬದನೆಕಾಯಿ ಎಣ್ಣೆಗಾಯಿ ಡಬ್ಬಿ ತೆರೆದಾಗ ಪಕ್ಕದ ಹಾಸಿಗೆಯವರಿಗೆ ಹೊಟ್ಟೆ ತೊಳಸಿತಂತೆ. ಏನು ಮಾಡಿ ಕಳಿಸೋದು?

ಉತ್ತರ: ಏನು ಮಾಡೋದು ಅನ್ನೋದಕ್ಕಿಂತ ಯಾವುದನ್ನು ಯಾವಾಗ ತಿನ್ನಬೇಕು ಅನ್ನೋದನ್ನು ಮೊದಲು ಬದಲಾಯಿಸಿ. ಸಾಮಾನ್ಯವಾಗಿ ನಾವು ಬೆಳಿಗ್ಗೆಗೆ ಅವಲಕ್ಕಿಯೋ ಉಪ್ಪಿಟ್ಟೋ ಕೊಟ್ಟು, ಮಧ್ಯಾಹ್ನಕ್ಕೆ ಅನ್ನ, ಪಲ್ಯ ಇಡ್ತೀವಿ. ನಿಮ್ಮ ಅವ್ವನಿಗೆ ಇದು ತಿರುಗುಮುರುಗು ಆಗಬೇಕು. ಹಸಿ ಅಂಶ ಇರುವ ಊಟ ಡಬ್ಬಿ ತಲುಪಿದ ಕೂಡಲೇ ಆಗಲಿ. ಮಧ್ಯಾಹ್ನ ಮತ್ತು ರಾತ್ರಿಗೆ ಒಣ ಪದಾರ್ಥ ಇರಲಿ.

ಯಾಕೆ ಅಂದರೆ, ಬೇಯಿಸಿದ ಅನ್ನ, ಬೇಳೆ, ಪಲ್ಯ ಉಗುರುಬೆಚ್ಚಗೆ ಕೂತಷ್ಟೂ ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೀತವೆ. ಸುಮಾರು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ತನಕ ಅವಕ್ಕೆ ಹಬ್ಬ. ಅನ್ನದಲ್ಲಿ ಇನ್ನೊಂದು ತೊಂದರೆ ಇದೆ. ಅಕ್ಕಿಯಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯಲ್ಲ. ಅನ್ನ ಹೊರಗೆ ಕೂತಾಗ ಅವು ಬೆಳೆದು ವಿಷ ಬಿಡಬಹುದು. ಆಮೇಲೆ ಬಿಸಿ ಮಾಡಿದರೂ ಆ ವಿಷ ಹೋಗೋದಿಲ್ಲ. ಹಾಗಾಗಿ ವಾರ್ಡಿನಲ್ಲಿ ಬಿಸಿ ಮಾಡೋಕೆ ಆಗಲ್ಲ ಅಂತ ಜಾಸ್ತಿ ಕೊರಗಬೇಡಿ. ಬಿಸಿ ಮಾಡಿದ್ದರೂ ಅನ್ನದ ಈ ತೊಂದರೆ ತಪ್ಪುತ್ತಿರಲಿಲ್ಲ.

ಹಾಟ್ ಬಾಕ್ಸ್ ಕೊಡೋಣ ಅಂತ ಅನಿಸುತ್ತದೆ ಅಲ್ವಾ? ಒಂದೆರಡು ತಾಸಿಗೆ ಅದು ಸರಿ. ಬೆಳಿಗ್ಗೆ ಆರಕ್ಕೆ ತುಂಬಿದ್ದು ಮಧ್ಯಾಹ್ನ ಒಂದಕ್ಕೆ ಬಿಸಿಯೂ ಇರಲ್ಲ, ತಣ್ಣಗೂ ಇರಲ್ಲ. ನಮಗೆ ಬೇಡವಾದದ್ದೇ ಆ ಉಗುರುಬೆಚ್ಚಗಿನ ಸ್ಥಿತಿ. ಜೊತೆಗೆ ಬಿಸಿ ಹಬೆಯೇ ವಾಸನೆಯನ್ನು ಹೊತ್ತು ತರೋದು. ಮುಚ್ಚಳ ತೆಗೆದ ತಕ್ಷಣ ಇಡೀ ವಾರ್ಡಿಗೆ ಗೊತ್ತಾಗುತ್ತದೆ. ಪೂರ್ತಿ ಆರಿದ ಊಟಕ್ಕೆ ವಾಸನೆ ಎಷ್ಟೋ ಕಡಿಮೆ.

ಈಗ ಒಂದು ದಿನದ ಡಬ್ಬಿ ನೋಡೋಣ. ಬೆಳಿಗ್ಗೆ ಐದೂವರೆಗೆ ಒಲೆ ಹಚ್ಚಿದಿರಿ, ಆರೂಮುಕ್ಕಾಲಿಗೆ ತಮ್ಮ ಬಸ್ ಹತ್ತಿದ ಅಂತ ಇಟ್ಟುಕೊಳ್ಳಿ. ಗದಗದಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಂಟೂವರೆ ಆಗುತ್ತದೆ. ಅವ್ವ ಒಂಬತ್ತೂವರೆ ಒಳಗೆ ಹೊಟ್ಟೆ ತುಂಬಾ ಉಣ್ಣಬೇಕು. ಡಾಕ್ಟರ್ ರೌಂಡ್ಸ್ ಬರ್ತಾರೆ ಅಂತ ಅವ್ವ ಕಾಯ್ತಾ ಕೂಡೋದು ಸಹಜ. ತಮ್ಮ ಇರುವಾಗಲೇ ಅಪ್ಪನ ಹತ್ತಿರ ಅವನನ್ನು ಕೂರಿಸಿ ಉಂಡು ಬರಲಿ.

ಈ ಊಟಕ್ಕೆ ಎರಡು ಚಪಾತಿ, ತೊಂಡೆಕಾಯಿ ಪಲ್ಯ, ಸ್ವಲ್ಪ ಮೊಸರನ್ನ ಸಾಕು. ತೊಂಡೆಕಾಯಿ ನೀರು ಬಿಡೋದು ಕಡಿಮೆ, ವಾಸನೆಯೂ ಇಲ್ಲ. ಸಾಸಿವೆ, ಜೀರಿಗೆ, ಅರಿಶಿನದ ಒಗ್ಗರಣೆ ಹಾಕಿ, ನೀರು ಪೂರ್ತಿ ಆರುವ ತನಕ ಬಾಡಿಸಿ. ಮೇಲೆ ಒಂದು ಚಮಚ ಶೇಂಗಾ ಪುಡಿ ಉದುರಿಸಿ. ಬೆಳ್ಳುಳ್ಳಿ, ಉಳ್ಳಾಗಡ್ಡಿ, ಇಂಗು ಬೇಡ. ಹಸಿ ಕೊಬ್ಬರಿ ಬೇಗ ಹಳಸುತ್ತದೆ, ಅದೂ ಬೇಡ. ಎಲೆಕೋಸು, ಹೂಕೋಸು, ಮೂಲಂಗಿ, ಬೇಯಿಸಿದ ಮೊಟ್ಟೆ ಮನೆಯಲ್ಲಿ ಏನೂ ಅನಿಸಲ್ಲ. ಮುಚ್ಚಿದ ಡಬ್ಬಿಯಲ್ಲಿ ಎರಡು ತಾಸು ಕೂತರೆ ಅವುಗಳ ವಾಸನೆಯೇ ಬೇರೆ.

ಚಪಾತಿ ಹಿಟ್ಟಿಗೆ ಒಂದು ಚಮಚ ಎಣ್ಣೆ ಹಾಕಿ ಮೆತ್ತಗೆ ನಾದಿ, ಅರ್ಧ ತಾಸು ನೆನೆಯಲು ಬಿಡಿ. ಬೇಯಿಸಿದ ಮೇಲೆ ಒಂದರ ಮೇಲೊಂದು ಪೇರಿಸಿ ಡಬ್ಬಿಗೆ ತುಂಬಬೇಡಿ. ಹತ್ತಿ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ, ಇನ್ನೊಂದು ಬಟ್ಟೆ ಮುಚ್ಚಿ. ಕೈ ಇಟ್ಟರೆ ತಣ್ಣಗಿರಬೇಕು, ಆಗ ಕಟ್ಟಿ. ಪಲ್ಯವನ್ನೂ ಅಷ್ಟೇ, ತಾಟಿಗೆ ಹರಡಿ ಆರಿಸಿ. ಆರಿಸದೆ ತುಂಬಿದ ಡಬ್ಬಿಯ ಗುರುತು ಮುಚ್ಚಳದ ಒಳಗೆ ಇರುತ್ತದೆ. ಅಲ್ಲಿ ನೀರಿನ ಹನಿ ಕಂಡರೆ, ಆ ಹನಿ ಬಿದ್ದ ಜಾಗದಲ್ಲೇ ಚಪಾತಿ ಮೊದಲು ಲೊಳಲೊಳ ಆಗಿರುತ್ತದೆ.

ಮಧ್ಯಾಹ್ನಕ್ಕೆ ಮತ್ತೆರಡು ಚಪಾತಿ, ಬೇರೆ ಡಬ್ಬಿಯಲ್ಲಿ. ಜೊತೆಗೆ ಶೇಂಗಾ ಚಟ್ನಿ ಪುಡಿ. ಒಂದು ಕಪ್ ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತಿಕ್ಕಿ, ಪೂರ್ತಿ ಆರಿದ ಮೇಲೆ ಕುಟ್ಟಿ. ಬಿಸಿ ಇರುವಾಗ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಖಾರದ ಪುಡಿ ಒಂದೂವರೆ ಚಮಚ, ಜೀರಿಗೆ ಒಂದು ಚಮಚ, ಉಪ್ಪು, ಚೂರು ಬೆಲ್ಲ. ಬೆಳ್ಳುಳ್ಳಿ ಇಲ್ಲದ ಶೇಂಗಾ ಚಟ್ನಿ ಏನು ಚಟ್ನಿ ಅಂತ ನಮ್ಮ ಕಡೆಯವರು ಮೂಗು ಮುರೀತಾರೆ, ಗೊತ್ತು. ಆಸ್ಪತ್ರೆಯಲ್ಲಿ ಇರುವ ತನಕ ಸಹಿಸಿಕೊಳ್ಳಲಿ. ಕ್ಯಾಂಟೀನಿಗೆ ಹೋಗಿ ಬಿಸಿ ಅನ್ನ ಸಾರು ತಿನ್ನಲು ಆದರೆ ಇನ್ನೂ ಒಳ್ಳೆಯದು, ಈ ಚಪಾತಿ ಸಂಜೆಗೆ ಆಗುತ್ತದೆ.

ರಾತ್ರಿಗೆ ಜೋಳದ ಖಡಕ್ ರೊಟ್ಟಿ. ನೀರಿನ ಅಂಶ ಇಲ್ಲ, ಹಾಗಾಗಿ ಕೆಡುವ ಭಯವೂ ಇಲ್ಲ. ತೊಂದರೆ ಒಂದೇ. ರಾತ್ರಿ ಒಂಬತ್ತಕ್ಕೆ ದೀಪ ಆರಿಸಿದ ವಾರ್ಡಿನಲ್ಲಿ ಖಡಕ್ ರೊಟ್ಟಿ ಮುರಿದರೆ ನಾಲ್ಕು ಹಾಸಿಗೆಯವರು ಎದ್ದು ಕೂಡ್ತಾರೆ! ಅದಕ್ಕೆ ನೀವೇ ಮನೆಯಲ್ಲಿ ಎರಡು ರೊಟ್ಟಿಯನ್ನು ಸಣ್ಣ ಚೂರು ಮಾಡಿ, ಅಗಲ ಬಾಯಿಯ ಡಬ್ಬಿಗೆ ಅರ್ಧ ಮಾತ್ರ ತುಂಬಿ. ಸಂಜೆ ಯಾರಾದರೂ ನೋಡೋಕೆ ಬಂದಾಗ 200 ಗ್ರಾಂ ಮೊಸರಿನ ಪಾಕೀಟು ತರಿಸಿಕೊಳ್ಳಲಿ. ಊಟಕ್ಕೆ ಅರ್ಧ ತಾಸು ಮುಂಚೆ ಆ ಚೂರಿನ ಮೇಲೆ ಮೊಸರು, ಸ್ವಲ್ಪ ಕುಡಿಯುವ ನೀರು, ಉಪ್ಪು ಹಾಕಿ ಮುಚ್ಚಿಟ್ಟರೆ ರೊಟ್ಟಿ ನೆನೆದು ಮೆತ್ತಗಾಗುತ್ತದೆ. ಸದ್ದಿಲ್ಲ, ವಾಸನೆ ಇಲ್ಲ, ಚಮಚದಲ್ಲಿ ತಿನ್ನಬಹುದು. ಮೊಸರು ಸಿಗದಿದ್ದರೆ ಕ್ಯಾಂಟೀನಿನ ಬಿಸಿ ಹಾಲೂ ನಡೆಯುತ್ತದೆ. ಬೆಳಿಗ್ಗೆಯೇ ತಮ್ಮ ಮೊಸರು ಒಯ್ಯೋದು ಬೇಡ. ರಾತ್ರಿ ಹೊತ್ತಿಗೆ ಹುಳಿ ಬಂದು ಅದೇ ನಾರುತ್ತದೆ.

ನಡುವೆ ಹಸಿವಾದರೆ ಎರಡು ಶೇಂಗಾ ಹೋಳಿಗೆ. ಕಡಲೆಬೇಳೆ ಹೂರಣದ್ದಲ್ಲ, ಅದು ಬೇಗ ಹಳಸುತ್ತದೆ. ಅವ್ವನಿಗೆ ಸಕ್ಕರೆ ಕಾಯಿಲೆ ಇದ್ದರೆ ಹೋಳಿಗೆ ಬಿಟ್ಟು ಹುರಿದ ಶೇಂಗಾ ಇಡಿ. ಮುಚ್ಚಳ ಬಿಗಿಯಾಗಿರಲಿ. ಹಾಸಿಗೆ ಪಕ್ಕದ ಡ್ರಾವರಿಗೆ ಇರುವೆ ಬಂದರೆ ನರ್ಸ್ ಹತ್ತಿರ ಬೈಸಿಕೊಳ್ಳೋದು ಅವ್ವನೇ.

ಡಬ್ಬಿಗಳ ಮೇಲೆ ಒಂದು ಚೂರು ಕಾಗದ ಅಂಟಿಸಿ "ಬಂದ ಕೂಡಲೇ", "ಮಧ್ಯಾಹ್ನ", "ರಾತ್ರಿ" ಅಂತ ಬರೆಯಿರಿ. ಮೊದಲನೇ ಡಬ್ಬಿಯಲ್ಲಿ ಉಳಿದದ್ದನ್ನು ಮಧ್ಯಾಹ್ನಕ್ಕೆ ಅಂತ ಎತ್ತಿಡಬಾರದು. ಅನ್ನ ಎಳೆ ಎಳೆಯಾಗಿ ಅಂಟಿದರೆ, ಪಲ್ಯದಲ್ಲಿ ನೊರೆ ಕಂಡರೆ ಕೆಟ್ಟಿದೆ ಅಂತ ಅವ್ವನಿಗೇ ಗೊತ್ತಾಗುತ್ತದೆ. ಆದರೆ ಕೆಟ್ಟದ್ದೆಲ್ಲ ನೋಟಕ್ಕೆ, ಮೂಸಿದ್ದಕ್ಕೆ ಸಿಗಲ್ಲ, ಅದಕ್ಕೇ ಗಡಿಯಾರ ನೋಡಬೇಕು. ಅನ್ನ ಚೆಲ್ಲಬಾರದು ಅಂತ ಹಟ ಮಾಡುವ ಅವ್ವನಾಗಿದ್ದರೆ ಮೊದಲ ಡಬ್ಬಿಗೇ ಕಡಿಮೆ ಹಾಕಿ, ಉಳಿದರೆ ತಮ್ಮನೇ ತಿಂದು ಬರಲಿ.

ಇನ್ನು ಅಪ್ಪ "ನನಗೂ ಒಂದು ತುತ್ತು ಕೊಡು" ಅಂದಾಗ ಅವ್ವ ಕರಗಿಬಿಡ್ತಾಳೆ. ಆಪರೇಷನ್ನಿಗೆ ಮುಂಚೆ ಖಾಲಿ ಹೊಟ್ಟೆಯಲ್ಲಿರಲು ಹೇಳಿರಬಹುದು, ಉಪ್ಪು ಕಡಿಮೆ ಅಂದಿರಬಹುದು. ನರ್ಸ್ ಹೂಂ ಅನ್ನದೆ ಈ ಡಬ್ಬಿಯಿಂದ ಅಪ್ಪನಿಗೆ ಏನೂ ಕೊಡಬಾರದು ಅಂತ ತಮ್ಮ ಈಗಲೇ ಹೇಳಿ ಬರಲಿ. ಅಪ್ಪನಿಗೆ ಅನ್ನ ನೀರು ಬಿಡಿಸಿದ ದಿನ ಅವ್ವ ಅವರ ಎದುರು ಕೂತು ಉಣ್ಣೋದೂ ಬೇಡ, ಹೊರಗೆ ಕಾರಿಡಾರಿನ ಬೆಂಚು ಇರುತ್ತದಲ್ಲ, ಅಲ್ಲಿ ಕೂತು ಉಣ್ಣಲಿ.